ಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ಚಾರ್ಜಿಂಗ್: ಪ್ಲಗ್-ಇನ್ ತಗೊಳ್ಳೋದಾ, ಫುಲ್ ಹೈಬ್ರಿಡ್ ಸಾಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಕನ್ನಡಿಗರಿಗಾಗಿ ಬರೆದದ್ದು ಇದು. ಅದರಲ್ಲೂ ಬಾಡಿಗೆ ಅಪಾರ್ಟ್‌ಮೆಂಟ್‌ನಲ್ಲೋ ಟೌನ್‌ಹೌಸ್‌ನಲ್ಲೋ ಇದ್ದು, ಕಾರಿಗೆ ಪ್ಲಗ್ ಸಿಕ್ಕರೆ ಸಿಕ್ತು ಇಲ್ಲದಿದ್ದರೆ ಇಲ್ಲ ಅನ್ನುವ ಸ್ಥಿತಿಯಲ್ಲಿರುವವರಿಗೆ. ಲೆಕ್ಕಕ್ಕೆಲ್ಲ ಟೊಯೋಟಾ ಪ್ರಿಯಸ್ ಜೋಡಿಯನ್ನೇ ಇಟ್ಟುಕೊಂಡಿದ್ದೇನೆ. ಅದೇ ಬಾಡಿ, ಅದೇ 2 ಲೀಟರ್ ಎಂಜಿನ್, ಒಂದಕ್ಕೆ ಪ್ಲಗ್ ಇದೆ, ಇನ್ನೊಂದಕ್ಕಿಲ್ಲ. ಹೋಲಿಸಿ ನೋಡಲು ಇದಕ್ಕಿಂತ ಸುಲಭದ ಜೋಡಿ ಸಿಗುವುದಿಲ್ಲ. 2025ರಿಂದ ಪ್ರಿಯಸ್ ಪ್ರೈಮ್ ಹೆಸರು ಪ್ರಿಯಸ್ ಪ್ಲಗ್-ಇನ್ ಹೈಬ್ರಿಡ್ ಅಂತ ಬದಲಾಗಿದೆ. ಹಳೆಯ ಹೆಸರೇ ಚಿಕ್ಕದು, ಹಾಗಾಗಿ ಇಲ್ಲಿ ಪ್ರೈಮ್ ಅಂತಲೇ ಕರೆಯುತ್ತೇನೆ.

## ಎರಡಕ್ಕೂ ನಿಜವಾದ ವ್ಯತ್ಯಾಸ ಏನು?

ಬ್ಯಾಟರಿ ಎಷ್ಟು ದೊಡ್ಡದು ಅನ್ನುವುದೇ. ಸಾದಾ ಪ್ರಿಯಸ್‌ನ ಬ್ಯಾಟರಿಯಲ್ಲಿ ಒಂದು ಯೂನಿಟ್ ಕರೆಂಟ್ ಕೂಡ ಹಿಡಿಯುವುದಿಲ್ಲ. ಬ್ರೇಕ್ ಹಾಕಿದಾಗ ಬರುವ ಶಕ್ತಿಯನ್ನು ಅದು ಕೂಡಿಟ್ಟುಕೊಳ್ಳುತ್ತದೆ, ಮುಂದಿನ ಸಿಗ್ನಲ್‌ನಲ್ಲಿ ಹೊರಡುವಾಗ ಖರ್ಚು ಮಾಡುತ್ತದೆ. ಹೊರಗಿನಿಂದ ಚಾರ್ಜ್ ಮಾಡುವ ಮಾತೇ ಇಲ್ಲ. ಇದೇ ಫುಲ್ ಹೈಬ್ರಿಡ್.

ಪ್ರೈಮ್‌ನ ಬ್ಯಾಟರಿ 13.6 ಯೂನಿಟ್‌ನದು. ಪೂರ್ತಿ ತುಂಬಿಸಿದರೆ ಎಸ್ಇ ಮಾದರಿ ಎಂಜಿನ್ ಹಚ್ಚದೆ 44 ಮೈಲಿ ಓಡುತ್ತದೆ ಅನ್ನುವುದು ಸರ್ಕಾರದ ಪರೀಕ್ಷೆಯ ಅಂಕಿ. ಅಷ್ಟು ಓಡಿದ ಮೇಲೆ ಅದೂ ಒಂದು ಹೈಬ್ರಿಡ್ ಕಾರೇ.

## ಚಾರ್ಜ್ ಖಾಲಿಯಾದರೆ ದಾರಿಯಲ್ಲಿ ನಿಲ್ಲುತ್ತದಾ?

ಇಲ್ಲ. ಪರದೆ ಮೇಲೆ ಸೊನ್ನೆ ಮೈಲಿ ಅಂತ ಕಂಡರೂ ಒಳಗೆ ಸ್ವಲ್ಪ ಚಾರ್ಜ್ ಉಳಿದೇ ಇರುತ್ತದೆ, ಅದರಲ್ಲೇ ಹೈಬ್ರಿಡ್ ಕೆಲಸ ನಡೆಯುತ್ತದೆ. ಒಂದು ತಿಂಗಳು ಪ್ಲಗ್ ಮುಟ್ಟದಿದ್ದರೂ ಕಾರು ಓಡುತ್ತದೆ.

ಆದರೆ ಆ ದೊಡ್ಡ ಬ್ಯಾಟರಿಯ ಭಾರ ಹೊತ್ತುಕೊಂಡೇ ಓಡುತ್ತದೆ. ಪ್ರೈಮ್ ಸುಮಾರು 160 ಕಿಲೋ ಹೆಚ್ಚು ತೂಗುತ್ತದೆ. ಅಂದರೆ ಇಬ್ಬರು ದೊಡ್ಡವರನ್ನು ಸದಾ ಕೂರಿಸಿಕೊಂಡು ಓಡಾಡಿದ ಹಾಗೆ. ಸಾದಾ ಪ್ರಿಯಸ್ ಎಲ್ಇ ಗ್ಯಾಲನ್‌ಗೆ 57 ಮೈಲಿ ಕೊಟ್ಟರೆ, ಚಾರ್ಜ್ ಇಲ್ಲದ ಪ್ರೈಮ್ ಎಸ್ಇ 52 ಕೊಡುತ್ತದೆ. ಆಗೀಗ ಮಾತ್ರ ಚಾರ್ಜ್ ಮಾಡುವವರು ಮರೆಯಬಾರದ ಅಂಕಿ ಇದು. ಚಾರ್ಜ್ ಮಾಡದ ಪ್ರತಿ ದಿನವೂ ನಿಮಗೆ ಸಣ್ಣ ದಂಡ ಬೀಳುತ್ತಿರುತ್ತದೆ.

ಪ್ರಿಯಸ್‌ನಲ್ಲಿ ದಂಡ ಸಣ್ಣದು. ಎಲ್ಲ ಕಾರಿನಲ್ಲೂ ಹಾಗಿಲ್ಲ. ಜೀಪ್ ರಾಂಗ್ಲರ್ 4xe ಚಾರ್ಜ್ ಇದ್ದಾಗ 21 ಮೈಲಿ ಓಡುತ್ತದೆ. ಖಾಲಿಯಾದ ಮೇಲೆ ಗ್ಯಾಲನ್‌ಗೆ 20 ಮೈಲಿ. ಪ್ಲಗ್ ಸಿಗದವರ ಕೈಯಲ್ಲಿ ಅದು ಪೆಟ್ರೋಲ್ ಕುಡಿಯುವ ಮಾಮೂಲಿ ಜೀಪೇ. ಹಾಗಾಗಿ ಯಾವ ಪ್ಲಗ್-ಇನ್ ನೋಡಿದರೂ ಮೊದಲು ಕಿಟಕಿಯ ಸ್ಟಿಕ್ಕರ್‌ನಲ್ಲಿ ದೊಡ್ಡದಾಗಿ ಬರೆದಿರುವ, ಕರೆಂಟನ್ನೂ ಗ್ಯಾಲನ್ ಲೆಕ್ಕಕ್ಕೆ ತಿರುಗಿಸಿ ಹೇಳುವ ಎಂಪಿಜಿಇ ಅಂಕಿ ನೋಡಬೇಡಿ. ಅದರ ಪಕ್ಕದಲ್ಲೇ, ಬರೀ ಗ್ಯಾಸೊಲಿನ್‌ನಲ್ಲಿ ಎಷ್ಟು ಅನ್ನುವ ಇನ್ನೊಂದು ಅಂಕಿ ಇರುತ್ತದೆ. ನಿಮಗೆ ಬೇಕಾದದ್ದು ಅದು.

## ಕರೆಂಟ್‌ನಲ್ಲಿ ಓಡಿಸೋದು ಯಾವಾಗಲೂ ಅಗ್ಗ ಅಲ್ವಾ?

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ಊರು ನೋಡಿ ಹೇಳಬೇಕಾದ ಮಾತು ಇದು.

ಪ್ರೈಮ್ ಎಸ್ಇ 100 ಮೈಲಿ ಓಡಲು ಗೋಡೆಯಿಂದ ಸುಮಾರು 26 ಯೂನಿಟ್ ಎಳೆಯುತ್ತದೆ. ಚಾರ್ಜ್ ಆಗುವಾಗ ಪೋಲಾಗುವುದೂ ಇದರಲ್ಲೇ ಸೇರಿದೆ. ಅದೇ 100 ಮೈಲಿಗೆ ಸಾದಾ ಪ್ರಿಯಸ್ ಎಲ್ಇ ಕುಡಿಯುವುದು 1.75 ಗ್ಯಾಲನ್. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಒಂದು ಸುಲಭ ಸೂತ್ರ ಸಿಗುತ್ತದೆ: ನಿಮ್ಮೂರಿನ ಗ್ಯಾಸ್ ಬೆಲೆಯನ್ನು 15ರಿಂದ ಭಾಗಿಸಿ. ನಿಮ್ಮ ಕರೆಂಟ್ ಯೂನಿಟ್‌ಗೆ ಅದಕ್ಕಿಂತ ಕಮ್ಮಿ ಇದ್ದರೆ ಚಾರ್ಜ್ ಮಾಡಿದ ಮೈಲಿ ಅಗ್ಗ. ಜಾಸ್ತಿ ಇದ್ದರೆ ಗ್ಯಾಸೇ ಅಗ್ಗ.

ಗ್ಯಾಸ್ 3.20 ಡಾಲರ್ ಇರುವ ಕಡೆ ಈ ಗೆರೆ 21 ಸೆಂಟ್‌ಗೆ ಬರುತ್ತದೆ. 4.60 ಇರುವ ಕಡೆ 31 ಸೆಂಟ್‌ಗೆ. ಈಗ ಬೇ ಏರಿಯಾದವರು ನಿಮ್ಮ ಬಿಲ್ ತೆಗೆದು ನೋಡಿ. 2025ರಲ್ಲಿ ಅಲ್ಲಿ ಇವಿ ಪ್ಲಾನ್‌ನ ಅಗ್ಗದ ಹೊತ್ತಿನಲ್ಲೂ ಯೂನಿಟ್‌ಗೆ 30 ಸೆಂಟ್ ಆಸುಪಾಸು ಬೀಳುತ್ತಿತ್ತು. ಸಂಜೆ ಮನೆಗೆ ಬಂದ ಕೂಡಲೇ ಪ್ಲಗ್ ಹಾಕಿದರೆ ಅದಕ್ಕಿಂತ ತುಂಬಾ ಜಾಸ್ತಿ. ಗ್ಯಾಸ್ ದುಬಾರಿ ಅಂತ ಪ್ಲಗ್-ಇನ್ ತಗೊಂಡು, ಅಷ್ಟೇ ದುಬಾರಿ ಕರೆಂಟ್ ಹಾಕಿ ಓಡಿಸುವ ಹಾಗಾಗುತ್ತದೆ.

ಒಂದು ಎಚ್ಚರಿಕೆ. ಬಿಲ್‌ನಲ್ಲಿ ಜನರೇಷನ್, ಡೆಲಿವರಿ ಅಂತ ಎರಡು ಸಾಲು ಬೇರೆ ಬೇರೆ ಇರುತ್ತವೆ. ಒಂದೇ ಸಾಲು ನೋಡಿ ನಮ್ಮಲ್ಲಿ ಕರೆಂಟ್ ಅಗ್ಗ ಅಂದುಕೊಳ್ಳುವವರು ಬಹಳ. ತಿಂಗಳ ಒಟ್ಟು ಬಿಲ್ಲನ್ನು ಒಟ್ಟು ಯೂನಿಟ್‌ನಿಂದ ಭಾಗಿಸಿ. ಸ್ಥಿರ ಶುಲ್ಕವೂ ಸೇರುವುದರಿಂದ ಅಂಕಿ ಸ್ವಲ್ಪ ಮೇಲೆ ಬರಬಹುದು, ಆದರೂ ಅಂದಾಜಿಗೆ ಸಾಕು.

## ಒಂದು ಮನೆಯ ಲೆಕ್ಕ ಪೂರ್ತಿ ಮಾಡಿ ತೋರಿಸ್ತೀರಾ?

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಾಡಿಗೆ ಟೌನ್‌ಹೌಸ್‌ನಲ್ಲಿರುವ ಒಂದು ಕುಟುಂಬ ಅಂತ ಇಟ್ಟುಕೊಳ್ಳೋಣ. ಗರಾಜು ಒಂದೇ, ಕಾರು ಎರಡು. ಯಜಮಾನರ ಕಾರು ಒಳಗಿದ್ದಾಗ ಮನೆಯವರ ಕಾರು ಹೊರಗೆ. ಹೀಗೆ ಸರದಿಯಲ್ಲಿ ವಾರಕ್ಕೆ ಮೂರು ರಾತ್ರಿ ಪ್ಲಗ್ ಸಿಗುತ್ತದೆ. ವರ್ಷಕ್ಕೆ 12,000 ಮೈಲಿ ಓಡಾಟ. ಗ್ಯಾಸ್ 3.20 ಡಾಲರ್, ಕರೆಂಟ್ ಯೂನಿಟ್‌ಗೆ 20 ಸೆಂಟ್.

ಒಂದು ಚಾರ್ಜಿಗೆ ನಿಜವಾಗಿ 40 ಮೈಲಿ ಬರುತ್ತದೆ ಅಂದುಕೊಂಡರೆ ವಾರಕ್ಕೆ 120. ವರ್ಷಕ್ಕೆ ಸುಮಾರು 6,000 ಮೈಲಿ ಕರೆಂಟ್‌ನಲ್ಲಿ, ಉಳಿದ 6,000 ಗ್ಯಾಸ್‌ನಲ್ಲಿ.

ಸಾದಾ ಪ್ರಿಯಸ್ ಆಗಿದ್ದರೆ 12,000 ಮೈಲಿಗೆ 210 ಗ್ಯಾಲನ್ ಚಿಲ್ಲರೆ, 674 ಡಾಲರ್. ಮುಗಿಯಿತು.

ಪ್ರೈಮ್‌ನಲ್ಲಿ ಕರೆಂಟಿನ ಅರ್ಧಕ್ಕೆ 1,560 ಯೂನಿಟ್, 312 ಡಾಲರ್. ಗ್ಯಾಸ್ ಅರ್ಧಕ್ಕೆ 115 ಗ್ಯಾಲನ್, 369 ಡಾಲರ್. ಕೂಡಿಸಿದರೆ 681.

ಹೌದು, ಪ್ಲಗ್-ಇನ್‌ಗೆ 7 ಡಾಲರ್ ಜಾಸ್ತಿಯೇ ಆಯಿತು! ಕರೆಂಟ್ ಮೈಲಿಗಳಲ್ಲಿ 25 ಡಾಲರ್ ಉಳಿಯಿತು. ಆದರೆ ಚಾರ್ಜ್ ಇಲ್ಲದ ಮೈಲಿಗಳಲ್ಲಿ 57ರ ಬದಲು 52 ಕೊಟ್ಟಿದ್ದಕ್ಕೆ 32 ಡಾಲರ್ ಹೋಯಿತು. ಕಾರಿಗೆ ಕೊಟ್ಟ ಹೆಚ್ಚಿನ ಸುಮಾರು 5,000 ಡಾಲರ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ವಾರಕ್ಕೆ ಐದು ರಾತ್ರಿ ಪ್ಲಗ್ ಸಿಕ್ಕಿದರೆ? 10,000 ಮೈಲಿ ಕರೆಂಟ್‌ನಲ್ಲಿ ಓಡುತ್ತದೆ, ಖರ್ಚು 643 ಡಾಲರ್. ವರ್ಷಕ್ಕೆ 31 ಡಾಲರ್ ಉಳಿತಾಯ. ಆ ಲೆಕ್ಕದಲ್ಲಿ 5,000 ಡಾಲರ್ ವಾಪಸ್ ಬರುವಷ್ಟರಲ್ಲಿ ಕಾರು ಮ್ಯೂಸಿಯಂನಲ್ಲಿರುತ್ತದೆ.

ಕಾರು ಕೆಟ್ಟದ್ದು ಅಂತ ಹೀಗಾಗಿದ್ದಲ್ಲ. ಎದುರಾಳಿ ಗ್ಯಾಲನ್‌ಗೆ 57 ಮೈಲಿ ಕೊಡುವಾಗ ಉಳಿಸಲು ಅಲ್ಲಿ ಹೆಚ್ಚೇನೂ ಉಳಿದಿರುವುದೇ ಇಲ್ಲ. ಶೋರೂಮ್‌ನಲ್ಲಿ ಹೇಳುವ ಉಳಿತಾಯ ಗ್ಯಾಲನ್‌ಗೆ 25 ಮೈಲಿ ಕೊಡುವ ಹಳೆ ಕಾರಿನ ಎದುರು ಮಾಡಿದ್ದು. ಆ ಹಳೆ ಕಾರು ಇದೇ 12,000 ಮೈಲಿಗೆ 1,536 ಡಾಲರ್ ತಿನ್ನುತ್ತದೆ. ಸಾದಾ ಹೈಬ್ರಿಡ್ ಒಂದೇ ಏಟಿಗೆ 860 ಡಾಲರ್ ಉಳಿಸಿಬಿಡುತ್ತದೆ. ಅದರ ಮೇಲೆ ಪ್ಲಗ್ ಏನು ಉಳಿಸುತ್ತದೆ ಅಂತ ಸೇಲ್ಸ್‌ಮನ್‌ಗೆ ಕೇಳಿ ನೋಡಿ.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಸಾದಾ ಪ್ರಿಯಸ್‌ನಲ್ಲಿ ಮೇಲಿನ ಮಾದರಿ, ಅಂದರೆ ದೊಡ್ಡ 19 ಇಂಚಿನ ಚಕ್ರದ್ದು ತಗೊಂಡರೆ 57 ಇಲ್ಲ, 52 ಮಾತ್ರ. ಆಗ ಮೇಲೆ ಹೇಳಿದ ದಂಡ ಮಾಯವಾಗುತ್ತದೆ. ನೀವು ಕೊಳ್ಳುವ ಮಾದರಿಯ ಅಂಕಿಯನ್ನೇ ಹಾಕಿ ಲೆಕ್ಕ ಮಾಡಿ.

## ಕರೆಂಟ್ ಅಗ್ಗ ಇರುವ ಸಿಯಾಟಲ್ ಕಡೆ?

ಅಲ್ಲಿ ಕಥೆ ಬೇರೆ. ಕರೆಂಟ್ 12 ಸೆಂಟ್, ಗ್ಯಾಸ್ 4.40 ಅಂತ ಇಟ್ಟುಕೊಂಡು ಅದೇ ಲೆಕ್ಕ ಹಾಕಿದರೆ, ವಾರಕ್ಕೆ ಮೂರು ಸಲ ಚಾರ್ಜ್ ಮಾಡಿದವರಿಗೆ ವರ್ಷಕ್ಕೆ 230 ಡಾಲರ್ ಉಳಿಯುತ್ತದೆ. ಐದು ಸಲ ಮಾಡಿದರೆ 445.

ಖುಷಿಪಡುವ ಮೊದಲು ರಿಜಿಸ್ಟ್ರೇಷನ್ ನೋಟಿಸ್ ನೋಡಿ. ವಾಷಿಂಗ್ಟನ್ ರಾಜ್ಯ ಸಾದಾ ಹೈಬ್ರಿಡ್‌ಗೆ ವರ್ಷಕ್ಕೆ 75 ಡಾಲರ್ ಹೆಚ್ಚುವರಿ ಶುಲ್ಕ ಹಾಕುತ್ತದೆ. ಕರೆಂಟ್‌ನಲ್ಲಿ 30 ಮೈಲಿ ಅಥವಾ ಹೆಚ್ಚು ಓಡುವ ಪ್ಲಗ್-ಇನ್‌ಗೆ 225. ಆ 150 ಡಾಲರ್ ವ್ಯತ್ಯಾಸ ಕಳೆದರೆ ಮೂರು ಸಲದವರಿಗೆ ಉಳಿಯುವುದು 80 ಡಾಲರ್. ಎಲ್ಲ ರಾಜ್ಯದಲ್ಲೂ ಇಂಥ ಶುಲ್ಕ ಒಂದೇ ಥರ ಇಲ್ಲ, ಹಾಗಾಗಿ ನಿಮ್ಮ ರಾಜ್ಯದ್ದು ಎಷ್ಟು ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ.

## ಆಫೀಸಿನಲ್ಲಿ ಫ್ರೀ ಚಾರ್ಜಿಂಗ್ ಇದೆ. ಆಗ?

ಆಗ ಪ್ಲಗ್-ಇನ್ ಬಗ್ಗೆ ಯೋಚಿಸಬಹುದು. ಎಡಿಸನ್ ಲೆಕ್ಕದಲ್ಲೇ ಆ 312 ಡಾಲರ್ ಕರೆಂಟ್ ಖರ್ಚು ಅಳಿಸಿಹಾಕಿ. ವರ್ಷಕ್ಕೆ 305 ಡಾಲರ್ ಉಳಿತಾಯ. ನನ್ನ ಪ್ರಕಾರ ಮನೆ ಪ್ಲಗ್‌ಗಿಂತ ಇದೇ ಹೆಚ್ಚು ನಂಬಬಹುದಾದ ಕಾರಣ. ಆದರೆ ಎರಡು ವಿಷಯ ಕೇಳಿಕೊಳ್ಳಿ. ವಾರದಲ್ಲಿ ನೀವು ನಿಜವಾಗಿ ಎಷ್ಟು ದಿನ ಆಫೀಸಿಗೆ ಹೋಗುತ್ತೀರಿ? ಒಂಬತ್ತು ಗಂಟೆಗೆ ಹೋದರೆ ಜಾಗ ಖಾಲಿ ಇರುತ್ತದಾ? ಪ್ರೈಮ್ 240 ವೋಲ್ಟ್ ಚಾರ್ಜರ್‌ನಲ್ಲೂ ತುಂಬಲು ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ಮಧ್ಯಾಹ್ನ ಮೀಟಿಂಗ್ ಬಿಟ್ಟು ಕಾರು ಸರಿಸಲು ಓಡಬೇಕು, ಇಲ್ಲದಿದ್ದರೆ ಸಾಲಿನಲ್ಲಿರುವ ಟೆಸ್ಲಾದವರು ಸುಮ್ನೆ ಬಿಡುವುದಿಲ್ಲ.

## ಮಾಲ್, ಗ್ರಂಥಾಲಯದ ಪಬ್ಲಿಕ್ ಚಾರ್ಜರ್ ಉಪಯೋಗಿಸಿದರೆ?

ಫ್ರೀ ಇದ್ದರೆ ಹಾಕಿ. ದುಡ್ಡು ಕೊಡಬೇಕಿದ್ದರೆ ಬೇಡ. ಪ್ರೈಮ್ ಒಳಗಿನ ಚಾರ್ಜರ್ ಗಂಟೆಗೆ ಮೂರೂವರೆ ಯೂನಿಟ್ ಮಾತ್ರ ಎಳೆಯುತ್ತದೆ. ಹೊರಗಿನ ಕಂಬ ಎಷ್ಟೇ ದೊಡ್ಡದಿದ್ದರೂ ಅಷ್ಟೇ. ಗಂಟೆಗೆ 2 ಡಾಲರ್ ಅಂತ ಬಾಡಿಗೆ ಇದ್ದರೆ ಯೂನಿಟ್‌ಗೆ 57 ಸೆಂಟ್ ಬಿದ್ದ ಹಾಗಾಯಿತು. ಅಮೆರಿಕದಲ್ಲಿ ಈ ಬೆಲೆಗೆ ಸಾದಾ ಪ್ರಿಯಸ್‌ನ ಎದುರು ಎಲ್ಲೂ ಲಾಭವಿಲ್ಲ. ಹೈವೇ ಪಕ್ಕದ ಫಾಸ್ಟ್ ಚಾರ್ಜರ್‌ಗಂತೂ ಈ ಕಾರಿನಲ್ಲಿ ಕಿಂಡಿಯೇ ಇಲ್ಲ.

## ನನಗೆ ಸಿಗೋದು ಗರಾಜಿನ ಮಾಮೂಲಿ ಪ್ಲಗ್ ಪಾಯಿಂಟ್. ಅದು ಸಾಲುತ್ತದಾ?

ಸಮಯಕ್ಕೆ ಸಾಲುತ್ತದೆ. ಇಲ್ಲಿಯ ಮಾಮೂಲಿ ಪಾಯಿಂಟ್ 120 ವೋಲ್ಟ್‌ನದು. 15 ಆಂಪಿಯರ್ ಲೈನಿನಲ್ಲಿ ಗಂಟೆಗಟ್ಟಲೆ ಎಳೆಯಬಹುದಾದದ್ದು 12 ಆಂಪಿಯರ್. ಅಂದರೆ ಗಂಟೆಗೆ ಸುಮಾರು 4 ಮೈಲಿ ತುಂಬುತ್ತದೆ. ಖಾಲಿಯಿಂದ ಪೂರ್ತಿ ಆಗಲು 11 ಗಂಟೆ. ರಾತ್ರಿ ಎಂಟಕ್ಕೆ ಹಾಕಿದರೆ ಬೆಳಗ್ಗೆ ಏಳಕ್ಕೆ ರೆಡಿ. ಈ ಕಾರಿಗೋಸ್ಕರ 240 ವೋಲ್ಟ್ ಲೈನ್ ಎಳೆಸುವುದು ದಂಡದ ಖರ್ಚು ಅಂತಲೇ ನಾನು ಹೇಳುತ್ತೇನೆ. ಬಾಡಿಗೆ ಮನೆಯಲ್ಲಂತೂ ಖಂಡಿತ ಬೇಡ.

ಸುರಕ್ಷತೆ ಬೇರೆ ಮಾತು. ಹಳೆ ಮನೆಗಳಲ್ಲಿ ಗರಾಜಿನ ಪಾಯಿಂಟ್, ಅಲ್ಲಿಯ ಫ್ರಿಜ್, ಕೆಲವೊಮ್ಮೆ ಹೊರಗಿನ ಲೈಟುಗಳು ಎಲ್ಲ ಒಂದೇ ಬ್ರೇಕರ್ ಮೇಲಿರುತ್ತವೆ. ಕಾರು ಚಾರ್ಜ್ ಆಗುವಾಗ ಫ್ರಿಜ್ ಮೋಟಾರ್ ಶುರುವಾಯಿತು ಅಂದರೆ ಬ್ರೇಕರ್ ಬೀಳುತ್ತದೆ. ಬೆಳಗ್ಗೆ ಕಾರೂ ಚಾರ್ಜ್ ಆಗಿರುವುದಿಲ್ಲ, ಫ್ರಿಜ್ಜಿನಲ್ಲಿಟ್ಟ ದೋಸೆ ಹಿಟ್ಟೂ ಹುಳಿ ಬಂದಿರುತ್ತದೆ. ಆ ಬ್ರೇಕರ್ ಇಳಿಸಿ, ಮನೆಯಲ್ಲಿ ಇನ್ನೇನೇನು ಆರಿತು ಅಂತ ನೋಡಿದರೆ ಯಾವುದೆಲ್ಲ ಒಂದೇ ಲೈನಿನಲ್ಲಿದೆ ಅಂತ ಗೊತ್ತಾಗುತ್ತದೆ.

ಮೊದಲ ರಾತ್ರಿ ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದು, ಪ್ಲಗ್ ಸಡಿಲವಾಗಿ ಜಾರುವುದು, ಇವುಗಳಲ್ಲಿ ಒಂದಿದ್ದರೂ ನಿಲ್ಲಿಸಿ. ಪಾಯಿಂಟ್ ಬದಲಾಯಿಸಲು ಮನೆ ಮಾಲೀಕರಿಗೆ ಹೇಳಿ. ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಡುವುದಂತೂ ಮಾಡಲೇಬೇಡಿ. ರಾತ್ರಿಯಿಡೀ 12 ಆಂಪಿಯರ್ ಹರಿಯುವಾಗ ಸಣ್ಣ ವೈರು ಬಿಸಿಯಾಗುತ್ತದೆ, ಕಾರಿನ ಮ್ಯಾನುಯಲ್‌ನಲ್ಲೂ ಬೇಡ ಅಂತಲೇ ಬರೆದಿರುತ್ತದೆ.

## ಮಾಲೀಕರು ಒಪ್ಪದಿದ್ದರೆ?

ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆದಾರರು ತಮ್ಮ ಖರ್ಚಿನಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಿಕೊಳ್ಳುತ್ತೇವೆ ಅಂತ ಬರವಣಿಗೆಯಲ್ಲಿ ಕೇಳಿದರೆ ಮಾಲೀಕರು ಒಪ್ಪಬೇಕು ಅನ್ನುವ ಕಾನೂನಿದೆ. ಷರತ್ತುಗಳೂ ಇವೆ, ಉದಾಹರಣೆಗೆ ಐದಕ್ಕಿಂತ ಕಮ್ಮಿ ಪಾರ್ಕಿಂಗ್ ಜಾಗ ಇರುವ ಕಟ್ಟಡಕ್ಕೆ ಇದು ಅನ್ವಯಿಸುವುದಿಲ್ಲ. ಆದರೆ ಖರ್ಚು ನಿಮ್ಮದೇ, ಮನೆ ಬಿಟ್ಟು ಹೋಗುವಾಗ ವೈರು ಗೋಡೆಯಲ್ಲೇ ಉಳಿಯುತ್ತದೆ. ವರ್ಷಕ್ಕೆ ಮೂವತ್ತು ಡಾಲರ್ ಉಳಿಸುವ ಕಾರಿಗೆ ಈ ಜಗಳ ಬೇಕಾ ಅಂತ ಯೋಚಿಸಿ.

## ನನ್ನ ಓಡಾಟ ದಿನಕ್ಕೆ ಹತ್ತೇ ಮೈಲಿ. ಆಗೀಗ ಚಾರ್ಜ್ ಮಾಡಿದರೂ ಸಾಕಲ್ವಾ?

ಸಾಕು, ಇದು ಎಷ್ಟೋ ಜನ ಗಮನಿಸದ ವಿಷಯ. ಮಕ್ಕಳ ಸ್ಕೂಲು, ಇಂಡಿಯನ್ ಸ್ಟೋರ್, ಶನಿವಾರದ ಕನ್ನಡ ಕಲಿ ತರಗತಿ, ಇಷ್ಟೇ ಇದ್ದರೆ ಒಂದು ಚಾರ್ಜ್ ನಾಲ್ಕು ದಿನ ಬರುತ್ತದೆ. ವಾರಕ್ಕೆ ಎರಡು ಸಲ ಪ್ಲಗ್ ಸಿಕ್ಕರೆ ಎಂಜಿನ್ ಸದ್ದೇ ಕೇಳದೆ ವಾರ ಕಳೆಯಬಹುದು. ದಿನಕ್ಕೆ 40 ಮೈಲಿ ಓಡುವವರಿಗೆ ಒಂದು ರಾತ್ರಿ ತಪ್ಪಿದರೆ ಮಾರನೇ ದಿನ ಪೂರ್ತಿ ಗ್ಯಾಸ್. ನಿಮಗೆ ಹಾಗಲ್ಲ.

ದುಡ್ಡಿನ ಲೆಕ್ಕದಲ್ಲಿ ಮಾತ್ರ ಇದು ಇನ್ನೂ ಕೆಟ್ಟದ್ದು. ವರ್ಷಕ್ಕೆ 3,600 ಮೈಲಿ ಓಡಿಸುವವರು ಸಾದಾ ಪ್ರಿಯಸ್‌ಗೆ ಹಾಕುವ ಗ್ಯಾಸೇ 200 ಡಾಲರ್ ಸುತ್ತಮುತ್ತ. ಕರೆಂಟ್ ಪೂರ್ತಿ ಫ್ರೀ ಆದರೂ ಅದಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಸದ್ದಿಲ್ಲದೆ ಓಡುತ್ತದೆ, ಬಂಕ್ ಮುಖ ನೋಡಬೇಕಿಲ್ಲ, ಬೀದಿಯಲ್ಲಿ ಹೊಗೆ ಬಿಡುವುದಿಲ್ಲ ಅನ್ನುವುದು ಇಷ್ಟವಿದ್ದರೆ ತಗೊಳ್ಳಿ. ಅವೂ ನ್ಯಾಯವಾದ ಕಾರಣಗಳೇ. ಉಳಿತಾಯ ಅಂತ ಮಾತ್ರ ಹೇಳಬೇಡಿ.

## ಚಳಿಗಾಲದಲ್ಲಿ ಏನಾಗುತ್ತದೆ?

ಕರೆಂಟ್‌ನಲ್ಲಿ ಓಡುವ ಮೈಲಿ ಇಳಿಯುತ್ತದೆ. ಹಿಮ ಬೀಳುವ ದಿನಗಳಲ್ಲಿ 44 ಅಂದದ್ದು 30ರ ಆಸುಪಾಸಿಗೆ ಬಂದರೆ ಆಶ್ಚರ್ಯವಿಲ್ಲ. ಬ್ಯಾಟರಿಯೂ ತಣ್ಣಗಿರುತ್ತದೆ, ಹೀಟರ್‌ಗೂ ಅದೇ ಕರೆಂಟ್ ಬೇಕು. ಕೆಲವು ಪ್ಲಗ್-ಇನ್‌ಗಳಲ್ಲಿ ಮುಂದಿನ ಗಾಜಿನ ಡಿಫ್ರಾಸ್ಟ್ ಒತ್ತಿದರೆ ಚಾರ್ಜ್ ತುಂಬಿದ್ದರೂ ಎಂಜಿನ್ ಹೊತ್ತಿಕೊಳ್ಳುತ್ತದೆ. ಕಾರು ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಪ್ಲಗ್ ಹಾಕಿರುವಾಗಲೇ ಕಾರನ್ನು ಬೆಚ್ಚಗೆ ಮಾಡಿಕೊಂಡರೆ ಮೈಲಿ ಉಳಿಯುತ್ತದೆ. ಪ್ಲಗ್ ಇಲ್ಲದ ರಾತ್ರಿ ಆ ಅನುಕೂಲವೂ ಇಲ್ಲ.

## ಇರುವ ಸ್ವಲ್ಪ ಚಾರ್ಜನ್ನು ಜಾಣತನದಿಂದ ಬಳಸುವುದು ಹೇಗೆ?

ಕಾರನ್ನು ಅದರ ಪಾಡಿಗೆ ಬಿಟ್ಟರೆ ಹೊರಟ ಕೂಡಲೇ ಚಾರ್ಜ್ ಖರ್ಚು ಮಾಡಲು ಶುರುಮಾಡುತ್ತದೆ, ಹೈವೇಯಲ್ಲಿ ಎಲ್ಲ ಮುಗಿಸುತ್ತದೆ. ಕರೆಂಟ್ ಹೆಚ್ಚು ಬಾಳುವುದು ನಿಧಾನದ ಓಡಾಟದಲ್ಲಿ. ಪ್ರೈಮ್‌ನಲ್ಲಿ ಬರೀ ಕರೆಂಟ್‌ನಲ್ಲಿ ಓಡುವ ಇವಿ, ಹೈಬ್ರಿಡ್ ಥರ ಓಡುವ ಎಚ್‌ವಿ, ಇವೆರಡರ ನಡುವೆ ಬದಲಿಸುವ ಬಟನ್ ಇದೆ. ಉದ್ದದ ಪ್ರಯಾಣವಿದ್ದರೆ ಹೈವೇಗೆ ಹತ್ತಿದ ಕೂಡಲೇ ಎಚ್‌ವಿ ಒತ್ತಿ, ಊರೊಳಗೆ ಇಳಿದ ಮೇಲೆ ಇವಿಗೆ ಬನ್ನಿ. ಇನ್ನೊಂದು, ಎಂಜಿನ್ ಓಡಿಸಿಯೇ ಬ್ಯಾಟರಿ ತುಂಬಿಸುವ ಚಾರ್ಜ್ ಮೋಡ್. ಅದನ್ನು ಮುಟ್ಟದಿರುವುದು ಒಳ್ಳೆಯದು. ಗ್ಯಾಸ್ ಸುಟ್ಟು ಕರೆಂಟ್ ಮಾಡಿ, ಅದನ್ನು ಮತ್ತೆ ಚಕ್ರಕ್ಕೆ ಕೊಡುವಾಗ ಪ್ರತಿ ಹಂತದಲ್ಲೂ ಒಂದಷ್ಟು ಪೋಲಾಗುತ್ತದೆ.

## ನಿಜವಾಗಿ ಜನ ಚಾರ್ಜ್ ಮಾಡ್ತಾರಾ?

ಯುರೋಪಿನಲ್ಲಿ ಹೊಸ ಕಾರುಗಳೊಳಗೆ ಇಂಧನ ಎಷ್ಟು ಖರ್ಚಾಯಿತು ಅಂತ ದಾಖಲಿಸುವ ವ್ಯವಸ್ಥೆ ಇದೆ. 2021ರಲ್ಲಿ ರಿಜಿಸ್ಟರ್ ಆದ ಕಾರುಗಳ ಆ ದಾಖಲೆ ನೋಡಿ ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಕೊಟ್ಟಿತು. ಪ್ಲಗ್-ಇನ್ ಕಾರುಗಳು ಕಾಗದದ ಮೇಲಿದ್ದದ್ದಕ್ಕಿಂತ ಸರಾಸರಿ ಮೂರೂವರೆ ಪಟ್ಟು ಹೊಗೆ ಉಗುಳುತ್ತಿದ್ದವು. ಅಂದುಕೊಂಡಷ್ಟು ಸಲ ಯಾರೂ ಪ್ಲಗ್ ಹಾಕುತ್ತಿರಲಿಲ್ಲ ಅನ್ನುವುದೇ ಮುಖ್ಯ ಕಾರಣ. ಅವರಲ್ಲಿ ಎಷ್ಟೋ ಕಾರುಗಳು ಕಂಪನಿಯವು, ಗ್ಯಾಸ್ ದುಡ್ಡೂ ಕಂಪನಿಯದು. ನಮ್ಮ ನಿಮ್ಮ ಹಾಗಲ್ಲ, ನಿಜ. ಆದರೂ ಮಳೆಯಲ್ಲಿ, ಮಲಗಿದ ಮಗುವನ್ನು ಎತ್ತಿಕೊಂಡು ಇಳಿಯುವಾಗ ಹೊರಗಿನ ಪ್ಲಗ್ ಹುಡುಕಿ ಹಾಕುತ್ತೀರಾ ಅನ್ನುವುದು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

## ಸರ್ಕಾರದ ರಿಯಾಯಿತಿ, ಕಾರ್‌ಪೂಲ್ ಲೇನ್ ಸ್ಟಿಕ್ಕರ್?

ಎರಡೂ ಮುಗಿದ ಕಥೆ. ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರೇ ಕೂತು ಕಾರ್‌ಪೂಲ್ ಲೇನಿನಲ್ಲಿ ಹೋಗಲು ಬಿಡುತ್ತಿದ್ದ ಸ್ಟಿಕ್ಕರ್ ಸೌಲಭ್ಯವೂ ಅದೇ ದಿನ ಮುಗಿಯಿತು. ಹಳೆ ಕಾರಿನ ಜಾಹೀರಾತಿನಲ್ಲಿ "ಸ್ಟಿಕ್ಕರ್ ಇದೆ" ಅಂತ ಹೆಚ್ಚಿಗೆ ಕೇಳಿದರೆ ಕೊಡಬೇಡಿ.

## ಸೆಕೆಂಡ್ ಹ್ಯಾಂಡ್ ಪ್ಲಗ್-ಇನ್ ನೋಡಬಹುದಾ?

ನನ್ನ ಕೇಳಿದರೆ, ಆಗೀಗ ಚಾರ್ಜ್ ಮಾಡುವವರಿಗೆ ಪ್ಲಗ್-ಇನ್ ಅರ್ಥ ಕೊಡುವುದೇ ಇಲ್ಲಿ. ಮೇಲಿನ ಲೆಕ್ಕ ಕೆಡಿಸಿದ್ದು ಆ 5,000 ಡಾಲರ್. ಅದೇ ವರ್ಷದ, ಅಷ್ಟೇ ಓಡಿದ ಪ್ರೈಮ್ ಮತ್ತು ಪ್ರಿಯಸ್ ಒಂದೇ ಬೆಲೆಗೆ ಸಿಕ್ಕರೆ ಪ್ರೈಮ್ ತಗೊಂಡು ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ. ಡಿಕ್ಕಿ ಸ್ವಲ್ಪ ಚಿಕ್ಕದು, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಮಾದರಿ ಇಲ್ಲ, ಅಷ್ಟೇ. ಟೊಯೋಟಾ 2020ರ ಮಾದರಿಯಿಂದ ಹೈಬ್ರಿಡ್ ಬ್ಯಾಟರಿಗೆ 10 ವರ್ಷ ಅಥವಾ 150,000 ಮೈಲಿ ವಾರಂಟಿ ಕೊಡುತ್ತದೆ, ಅದು ಕಾರಿನ ಜೊತೆಗೇ ಮುಂದಿನವರಿಗೂ ಹೋಗುತ್ತದೆ.

ನೋಡಲು ಹೋಗುವಾಗ ಮಾಲೀಕರಿಗೆ ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿಡಲು ಹೇಳಿ. ಪರದೆಯಲ್ಲಿ ಎಷ್ಟು ಮೈಲಿ ತೋರಿಸುತ್ತದೆ ನೋಡಿ, ನಂತರ ಊರೊಳಗೆ ಹತ್ತು ಮೈಲಿ ಓಡಿಸಿ ಎಷ್ಟು ಇಳಿಯಿತು ನೋಡಿ. ಹತ್ತಕ್ಕೆ ಹತ್ತು ಹನ್ನೆರಡು ಇಳಿದರೆ ಸರಿ. ಇಪ್ಪತ್ತು ಇಳಿದರೆ ಬೇರೆ ಕಾರು ಹುಡುಕಿ. ಚಾರ್ಜಿಂಗ್ ಕೇಬಲ್ ಡಿಕ್ಕಿಯಲ್ಲಿದೆಯಾ ಅಂತಲೂ ನೋಡಿ. ಒಮ್ಮೆಯೂ ಪ್ಲಾಸ್ಟಿಕ್ ಕವರಿನಿಂದ ತೆಗೆಯದ ಕೇಬಲ್ ಸಿಕ್ಕರೆ, ಆ ಮನೆಯಲ್ಲೂ ಪ್ಲಗ್ ಸಿಗುತ್ತಿರಲಿಲ್ಲ ಅಂತಲೇ ಅರ್ಥ.

## ಬೆಂಗಳೂರಿನಲ್ಲಿರುವ ತಮ್ಮನಿಗೂ ಇದೇ ಸಲಹೆ ಕೊಡಬಹುದಾ?

ಅಲ್ಲಿ ಈ ಪ್ರಶ್ನೆಯೇ ಇನ್ನೂ ಹುಟ್ಟಿಲ್ಲ. ಮಧ್ಯಮ ವರ್ಗದ ಬೆಲೆಗೆ ಪ್ಲಗ್-ಇನ್ ಹೈಬ್ರಿಡ್ ಸಿಗುವುದೇ ಇಲ್ಲ ಅನ್ನಬಹುದು. ಇರುವುದು ಅಲ್ಲಿ ಸ್ಟ್ರಾಂಗ್ ಹೈಬ್ರಿಡ್ ಅನ್ನುವ ಫುಲ್ ಹೈಬ್ರಿಡ್‌ಗಳು: ಇನ್ನೋವಾ ಹೈಕ್ರಾಸ್, ಗ್ರ್ಯಾಂಡ್ ವಿಟಾರಾ, ಹೋಂಡಾ ಸಿಟಿ. ಇಲ್ಲದಿದ್ದರೆ ಪೂರ್ತಿ ಇವಿ. ನಾಲ್ಕು ಮೀಟರ್‌ಗಿಂತ ಉದ್ದದ ಹೈಬ್ರಿಡ್‌ಗೆ ಜಿಎಸ್‌ಟಿ 40 ಪರ್ಸೆಂಟ್, ಇವಿಗೆ 5. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಪಾರ್ಕಿಂಗ್‌ನಲ್ಲಿ ಪಾಯಿಂಟ್ ಕೊಡುತ್ತದಾ ಇಲ್ಲವಾ ಅನ್ನುವುದರ ಮೇಲೆ ಅವನ ಇಡೀ ಲೆಕ್ಕ ನಿಂತಿದೆ.